ಅಷ್ಟು ಕಮ್ಮಿಗೆ ಕೊಟ್ಟರೆ ಅದರಲ್ಲಿ ರಾಗಿ ಎಲ್ಲಿರುತ್ತೆ?

ತುಮಕೂರಿನ ಒಂದು ಪ್ರಾವಿಜನ್ ಸ್ಟೋರಿನ ಬಾಗಿಲಲ್ಲಿ ಕಾಲೇಜು ಹುಡುಗಿಯೊಬ್ಬಳು ಮೊಳಕೆ ರಾಗಿ ಮಾಲ್ಟಿನ ಅರ್ಧ ಕೆಜಿ ಪ್ಯಾಕೆಟ್ ಹಿಡಿದು ನಿಂತಿದ್ದಾಳೆ. ಪ್ಯಾಕೆಟ್ಟಿನ ಮೇಲೆ ಎಲ್ಲವೂ ಇದೆ, ಬೆಲೆ ಮಾತ್ರ ಇಲ್ಲ. ಸಾಮಾನಿನ ಚೀಲ ಹಿಡಿದು ಹೊರಬಂದ ಹೆಂಗಸನ್ನು ನಿಲ್ಲಿಸಿ ಕೇಳುತ್ತಾಳೆ.

"ಅಕ್ಕಾ, ಇದು ಎಷ್ಟು ಕಮ್ಮಿಗೆ ಸಿಕ್ಕರೆ ನೀವು ಬೇಡ ಅಂತೀರ?"

"ಕಮ್ಮಿಗೆ ಸಿಕ್ಕರೆ ಯಾರಾದರೂ ಬೇಡ ಅಂತಾರೇನಮ್ಮಾ?"

"ಮೂವತ್ತು ರೂಪಾಯಿಗೆ ಕೊಟ್ಟರೆ?"

"ಅಯ್ಯೋ, ಅರ್ಧ ಕೆಜಿ ಮೂವತ್ತಕ್ಕಾ? ಅಷ್ಟು ಕಮ್ಮಿಗೆ ಕೊಟ್ಟರೆ ಅದರಲ್ಲಿ ರಾಗಿ ಎಲ್ಲಿರುತ್ತೆ? ಬರೀ ಸಕ್ಕರೆ, ಮೈದಾ ಇರುತ್ತೆ. ಮಗುಗೆ ಕೊಡೋ ಪದಾರ್ಥ ಅಲ್ವಾ ಅದು?"

ಈ ಸಂಭಾಷಣೆಯಲ್ಲಿ ಹುಡುಗಿ ಒಂದು ತಪ್ಪು ಮಾಡಿದ್ದಾಳೆ, ಅದಕ್ಕೆ ಆಮೇಲೆ ಬರೋಣ. ಮೊದಲು ಅಕ್ಕನ ಮಾತು ನೋಡಿ. ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ ಎಂಬುದನ್ನು ಯಾರೂ ಕಲಿಸಬೇಕಿಲ್ಲ. ಬೆಲೆ ಒಂದು ಮಟ್ಟಕ್ಕಿಂತ ಇಳಿದರೂ ಕೊಳ್ಳುವವರು ಹಿಂದೆ ಸರಿಯುತ್ತಾರೆ ಎಂಬುದು ಅಷ್ಟು ಸುಲಭಕ್ಕೆ ಹೊಳೆಯುವುದಿಲ್ಲ. ಉಪ್ಪು, ಬೆಂಕಿಪೊಟ್ಟಣ ಅಗ್ಗವಾದರೆ ಖುಷಿಯೇ. ಒಳಗೇನಿದೆ ಎಂದು ಕಣ್ಣಲ್ಲಿ ನೋಡಿ ಹೇಳಲಾಗದ, ಅದರಲ್ಲೂ ಮಕ್ಕಳ ಹೊಟ್ಟೆಗೆ ಹೋಗುವ ಪುಡಿಯ ವಿಷಯದಲ್ಲಿ ಹಾಗಲ್ಲ. ಅಲ್ಲಿ ಬೆಲೆಯೇ ಗುಣಮಟ್ಟದ ಸಾಕ್ಷಿ ಹೇಳುತ್ತದೆ.

ಹೀಗೆ ಎರಡು ಕಡೆಯೂ ಕೈಕಟ್ಟುವ ಬೆಲೆಯನ್ನು ಅಳೆಯಲು ಒಂದು ಉಪಾಯವಿದೆ. ಮಾರುಕಟ್ಟೆ ಸಮೀಕ್ಷೆಯವರು ಅದನ್ನು ಪ್ರೈಸ್ ಸೆನ್ಸಿಟಿವಿಟಿ ಮೀಟರ್ ಎನ್ನುತ್ತಾರೆ. ಹೆಸರು ಮೀಟರ್ ಎಂದಿದ್ದರೂ ಅದು ಯಂತ್ರವಲ್ಲ. ನಾಲ್ಕು ಪ್ರಶ್ನೆ, ನಾಲ್ಕು ಗೆರೆ, ಆ ಗೆರೆಗಳು ಒಂದನ್ನೊಂದು ಕತ್ತರಿಸುವ ಜಾಗಗಳು, ಇಷ್ಟೇ. ಪೀಟರ್ ವಾನ್ ವೆಸ್ಟೆಂಡೋರ್ಪ್ ಎಂಬ ಡಚ್ ಅರ್ಥಶಾಸ್ತ್ರಜ್ಞ 1976ರಲ್ಲಿ ವೆನಿಸ್‌ನಲ್ಲಿ ನಡೆದ ಎಸೋಮಾರ್ ಸಮ್ಮೇಳನದಲ್ಲಿ ಇದನ್ನು ಮುಂದಿಟ್ಟರು. ಬೇರು ಇನ್ನೂ ಹಳೆಯದು. ಫ್ರಾನ್ಸಿನ ಜಾನ್ ಸ್ಟೋಟ್ಜೆಲ್ 1950ರ ದಶಕದಲ್ಲೇ ಎರಡು ಪ್ರಶ್ನೆ ಕೇಳುತ್ತಿದ್ದರು: ಎಷ್ಟಕ್ಕಿಂತ ಹೆಚ್ಚಾದರೆ ಕೊಳ್ಳುವುದಿಲ್ಲ, ಎಷ್ಟಕ್ಕಿಂತ ಕಡಿಮೆಯಾದರೆ ನಂಬುವುದಿಲ್ಲ. ವೆಸ್ಟೆಂಡೋರ್ಪ್ ಈ ಎರಡು ಗಡಿಗಳ ನಡುವಿನ ಬಯಲಿನಲ್ಲಿ ಇನ್ನೆರಡು ಕಲ್ಲು ನೆಟ್ಟರು.

ನಾಲ್ಕು ಪ್ರಶ್ನೆಗಳನ್ನು ನಮ್ಮ ಅಂಗಡಿ ಬಾಗಿಲಿನ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಯಾವ ಬೆಲೆಗೆ ಸಿಕ್ಕರೆ ಇದರ ಗುಣಮಟ್ಟದ ಮೇಲೇ ಅನುಮಾನ ಬಂದು ಬಿಟ್ಟುಬಿಡುತ್ತೀರಿ? ಯಾವ ಬೆಲೆಗೆ ಸಿಕ್ಕರೆ ಒಳ್ಳೆ ರೇಟಿಗೆ ಸಿಕ್ಕಿತು ಅನ್ನಿಸುತ್ತದೆ? ಯಾವ ಬೆಲೆಗೆ ಬಂದಾಗ ಸ್ವಲ್ಪ ಜಾಸ್ತಿಯಾಯಿತು, ಆದರೂ ಯೋಚಿಸಿ ನೋಡಬಹುದು ಅನ್ನಿಸುತ್ತದೆ? ಯಾವ ಬೆಲೆಗೆ ಬಂದಾಗ ಎಷ್ಟೇ ಒಳ್ಳೆಯದಿದ್ದರೂ ನಮಗೆ ಬೇಡ ಎನ್ನುತ್ತೀರಿ? ಉತ್ತರ ರೂಪಾಯಿಯಲ್ಲಿ, ಹೇಳುವವರ ಬಾಯಿಂದಲೇ ಬರಬೇಕು. ಈ ನಾಲ್ಕನ್ನು ಅನುಕ್ರಮವಾಗಿ ಅತಿ ಅಗ್ಗ, ಅಗ್ಗ, ದುಬಾರಿ, ಅತಿ ದುಬಾರಿ ಎಂದು ಕರೆಯೋಣ.

ಈಗ ಆ ಹುಡುಗಿಯ ತಪ್ಪು. "ಮೂವತ್ತು ರೂಪಾಯಿಗೆ?" ಎಂದು ಅಂಕಿಯನ್ನು ಅವಳೇ ಎತ್ತಿಕೊಟ್ಟಳು. ಅದಾದ ಮೇಲೆ ಅಕ್ಕ ಹೇಳುವ ಎಲ್ಲ ಬೆಲೆಗಳೂ ಆ ಮೂವತ್ತಕ್ಕೆ ಕಟ್ಟಿದ ಹಗ್ಗದ ಉದ್ದದಲ್ಲೇ ಓಡಾಡುತ್ತವೆ. ಮೂವತ್ತರ ಬದಲು ನೂರು ಎಂದಿದ್ದರೆ ನಾಲ್ಕೂ ಉತ್ತರ ಮೇಲಕ್ಕೆ ಸರಿಯುತ್ತಿದ್ದವು. ಆದರೆ ಪಾಪ, ಅವಳದೂ ಕಷ್ಟವೇ. ನಾಲ್ಕರಲ್ಲಿ ಅತಿ ಅಗ್ಗದ ಪ್ರಶ್ನೆಯೇ ಜನಕ್ಕೆ ವಿಚಿತ್ರವಾಗಿ ಕೇಳಿಸುತ್ತದೆ. ಬೆಲೆ ಎಷ್ಟು ಇಳಿದರೆ ಬೇಡ ಎನ್ನುತ್ತೀರಿ ಎಂದು ಕೇಳಿದರೆ ಚೌಕಾಸಿ ಮಾಡಿ ಬೆಳೆದವರು ನಗುತ್ತಾರೆ. ಪ್ರಶ್ನೆಯನ್ನು ಅನುಮಾನದ ಕಡೆಯಿಂದ ಕೇಳಬೇಕು: "ಎಷ್ಟು ರೂಪಾಯಿಗೆ ಮಾರಿದರೆ ಇದರಲ್ಲೇನೋ ಕಲಬೆರಕೆ ಇದೆ ಅನ್ನಿಸುತ್ತೆ?" ಹೀಗೆಂದರೆ ಅಂಕಿ ತಾನಾಗಿ ಬರುತ್ತದೆ. ಬಾರದಿದ್ದರೆ ಬಿಡಬೇಕು, ಎತ್ತಿಕೊಡಬಾರದು.

ಕೇಳುವ ಮೊದಲು ಇನ್ನೊಂದು ಕೆಲಸವಿದೆ. ಕೊಳ್ಳುವವರು ಯಾವುದಕ್ಕೆ ಬೆಲೆ ಕಟ್ಟುತ್ತಿದ್ದಾರೆಂಬುದು ಅವರಿಗೆ ತಿಳಿದಿರಬೇಕು. ತೂಕ 500 ಗ್ರಾಂ. ಲೋಟಕ್ಕೆ 20 ಗ್ರಾಂ ಹಾಕಿದರೆ 25 ಲೋಟ. ಒಳಗೆ ಮೊಳಕೆ ಕಟ್ಟಿಸಿ ಹುರಿದು ಬೀಸಿದ ರಾಗಿ, ಬೆಲ್ಲದ ಪುಡಿ, ಏಲಕ್ಕಿ, ಒಂದಿಷ್ಟು ಬಾದಾಮಿ. ಕೇಳುತ್ತಿರುವುದು ಪೊಟ್ಟಣದ ಮೇಲೆ ಮುದ್ರಿಸುವ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ. ಇಷ್ಟನ್ನೂ ಒಂದು ಕಾರ್ಡಿನಲ್ಲಿ ಬರೆದು ಎಲ್ಲರಿಗೂ ಒಂದೇ ಮಾತಿನಲ್ಲಿ ಓದಿ ಹೇಳಬೇಕು. ಒಬ್ಬರ ಮನಸ್ಸಿನಲ್ಲಿ ಕಾಲು ಕೆಜಿ, ಇನ್ನೊಬ್ಬರ ಮನಸ್ಸಿನಲ್ಲಿ ಒಂದು ಕೆಜಿ ಇದ್ದರೆ ಆಮೇಲೆ ಯಾವ ಲೆಕ್ಕವೂ ಅದನ್ನು ಸರಿಪಡಿಸಲಾರದು.

ಕಾರ್ಡಿನ ಮೇಲೆ 'ಹೆಲ್ತ್ ಡ್ರಿಂಕ್' ಎಂದು ಬರೆಯಬಹುದೇ? ಬರೆಯದಿರುವುದೇ ಲೇಸು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಅಂಥ ಪದಕ್ಕೆ ವ್ಯಾಖ್ಯೆಯೇ ಇಲ್ಲ. ಆ ಕಾರಣಕ್ಕೇ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಮಾರಾಟದ ತಾಣಗಳಿಗೆ ಇಂಥ ಪಾನೀಯಗಳನ್ನು ಹೆಲ್ತ್ ಡ್ರಿಂಕ್ ಪಟ್ಟಿಯಿಂದ ತೆಗೆಯಿರಿ ಎಂದು ಸೂಚಿಸಿತು. ಮನೆಮಾತಿನಲ್ಲಿ ನಾವೆಲ್ಲ ಆ ಹೆಸರನ್ನೇ ಬಳಸುತ್ತೇವೆ, ಅದು ಬೇರೆ. ಸಮೀಕ್ಷೆಗೆ ಮುಖ್ಯವಾದದ್ದು ಇದು: ಆರೋಗ್ಯ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಜನ ಹೇಳುವ ಬೆಲೆ ಏರುತ್ತದೆ. ನಾಳೆ ಪೊಟ್ಟಣದ ಮೇಲೆ ಮುದ್ರಿಸಲಾಗದ ಮಾತನ್ನು ಇವತ್ತು ಕಾರ್ಡಿನಲ್ಲಿ ತೋರಿಸಿದರೆ, ಸಿಗುವ ಬೆಲೆ ಇಲ್ಲದ ಸರಕಿನ ಬೆಲೆಯಾಗುತ್ತದೆ.

ಇನ್ನು ಲೆಕ್ಕ. ಅರ್ಥವಾಗಲೆಂದು ಒಂದು ಕಾಲ್ಪನಿಕ ಉದಾಹರಣೆ ಕಟ್ಟಿಕೊಳ್ಳೋಣ. ಮಹಿಳೆಯರ ಒಂದು ಸ್ವಸಹಾಯ ಸಂಘ ಈ ಮಾಲ್ಟ್ ತಯಾರಿಸಿ, ಶಾಲೆಗೆ ಹೋಗುವ ಮಕ್ಕಳಿರುವ 212 ತಾಯಂದಿರನ್ನು ಕೇಳಿತು ಎನ್ನಿ. ಮೊದಲ ಕೆಲಸ ಜರಡಿ ಹಿಡಿಯುವುದು. ಒಬ್ಬರ ನಾಲ್ಕು ಉತ್ತರಗಳು ಅತಿ ಅಗ್ಗದಿಂದ ಅತಿ ದುಬಾರಿಯವರೆಗೆ ಏರುತ್ತಾ ಹೋಗಬೇಕು. 'ಒಳ್ಳೆ ರೇಟು 150, ಸ್ವಲ್ಪ ಜಾಸ್ತಿ 120' ಎಂದವರು ಪ್ರಶ್ನೆಯನ್ನು ಕೇಳಿಸಿಕೊಂಡಿಲ್ಲ, ಅಥವಾ ಬಸ್ಸಿಗೆ ಹೊತ್ತಾಗಿತ್ತು. ಅಂಥ 12 ಮಂದಿಯನ್ನು ತೆಗೆದರೆ 200 ಉಳಿದರು. ಹೀಗೆ ಬೀಳುವವರು ಹತ್ತರಲ್ಲಿ ಮೂವರೋ ನಾಲ್ವರೋ ಆದರೆ ತಪ್ಪು ಜನರದ್ದಲ್ಲ, ಪ್ರಶ್ನೆ ಕೇಳಿದ ರೀತಿಯದ್ದು. ಆಗ ತೆಗೆದುಹಾಕಿ ಮುಂದುವರಿಯುವುದಲ್ಲ, ಹೊಸದಾಗಿ ಕೇಳಬೇಕು.

ಆಮೇಲೆ ಒಂದೊಂದು ಬೆಲೆಯನ್ನೂ ಹಿಡಿದು, ಈ ಬೆಲೆಯನ್ನು ಅತಿ ಅಗ್ಗ ಎನ್ನುವವರು ನೂರಕ್ಕೆ ಎಷ್ಟು ಎಂದು ಎಣಿಸುವುದು. ಇಲ್ಲಿ ಒಂದು ಸೂಕ್ಷ್ಮವಿದೆ. 100 ರೂಪಾಯಿಗೇ ಅನುಮಾನ ಪಡುವವರು 80ಕ್ಕೆ ಇನ್ನೂ ಹೆಚ್ಚು ಅನುಮಾನ ಪಡುತ್ತಾರೆ. ಆದ್ದರಿಂದ 80ರ ಲೆಕ್ಕದಲ್ಲಿ 80 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ ಹೇಳಿದವರೆಲ್ಲ ಸೇರುತ್ತಾರೆ. ದುಬಾರಿಯ ಕಡೆ ಇದು ತಿರುಗುಮುರುಗು: 180 ದುಬಾರಿ ಎಂದವರಿಗೆ 200 ಕೂಡ ದುಬಾರಿಯೇ, ಹಾಗಾಗಿ 200 ಅಥವಾ ಅದಕ್ಕಿಂತ ಕಡಿಮೆ ಹೇಳಿದವರನ್ನು ಎಣಿಸಬೇಕು. ಎಕ್ಸೆಲ್ ಹಾಳೆಯಲ್ಲಿ B ಕಾಲಮಿನಲ್ಲಿ ಅತಿ ಅಗ್ಗದ ಉತ್ತರ, D ಕಾಲಮಿನಲ್ಲಿ ದುಬಾರಿಯ ಉತ್ತರ, G ಕಾಲಮಿನಲ್ಲಿ ಪರೀಕ್ಷಿಸುವ ಬೆಲೆ ಇದ್ದರೆ ಸೂತ್ರ ಇಷ್ಟೇ:

```
=COUNTIF(B$2:B$201,">="&G2)/200
=COUNTIF(D$2:D$201,"<="&G2)/200
```

ನಮ್ಮ ಉದಾಹರಣೆಯಲ್ಲಿ ಬಂದ ಅಂಕಿಗಳು, ನೂರಕ್ಕೆ ಇಷ್ಟು ಮಂದಿ ಎಂಬ ಲೆಕ್ಕದಲ್ಲಿ, ಹೀಗಿವೆ ಎನ್ನೋಣ:

| ಬೆಲೆ (ರೂ.) | ಅತಿ ಅಗ್ಗ | ಅಗ್ಗ | ದುಬಾರಿ | ಅತಿ ದುಬಾರಿ |
|---|---|---|---|---|
| 120 | 30 | 76 | 11 | 3 |
| 140 | 20 | 62 | 20 | 6 |
| 160 | 12 | 48 | 34 | 10 |
| 180 | 7 | 34 | 50 | 17 |
| 200 | 3 | 20 | 68 | 30 |
| 220 | 1 | 12 | 79 | 42 |

ಎಡಗಡೆಯ ಎರಡು ಗೆರೆ ಇಳಿಯುತ್ತವೆ, ಬಲಗಡೆಯ ಎರಡು ಏರುತ್ತವೆ. ಇಳಿಯುವುದೂ ಏರುವುದೂ ಎಲ್ಲೋ ಒಂದು ಕಡೆ ಸಂಧಿಸಲೇಬೇಕು.

ಅತಿ ಅಗ್ಗದ ಗೆರೆ ಮತ್ತು ಅತಿ ದುಬಾರಿಯ ಗೆರೆ ಎಲ್ಲಿ ಸಂಧಿಸುತ್ತವೆ ನೋಡಿ. 160ರಲ್ಲಿ ಮೊದಲನೆಯದು 12, ಎರಡನೆಯದು 10. ಇಪ್ಪತ್ತು ರೂಪಾಯಿ ಮೇಲೆ ಹೋದರೆ 7 ಮತ್ತು 17. ಮುಂದಿದ್ದದ್ದು ಎರಡು ಅಂಶ, ಹಿಂದೆ ಬಿದ್ದದ್ದು ಹತ್ತು. ಅಂದರೆ ಇಪ್ಪತ್ತು ರೂಪಾಯಿಯ ಆರನೇ ಒಂದು ಭಾಗ ದಾಟುವಷ್ಟರಲ್ಲಿ ಎರಡೂ ಸಮವಾಗಿವೆ. ಅದು ಸುಮಾರು 163 ರೂಪಾಯಿ. 'ಇದರಲ್ಲೇನೋ ಮೋಸವಿದೆ' ಎಂದು ಬಿಡುವವರೂ 'ಇಷ್ಟು ಕೊಡಲಾಗದು' ಎಂದು ಬಿಡುವವರೂ ಇಲ್ಲಿ ಸರಿಸಮ, ತಲಾ ನೂರಕ್ಕೆ ಹನ್ನೊಂದು. ಪುಸ್ತಕಗಳು ಇದನ್ನು ಅತ್ಯುತ್ತಮ ಬೆಲೆ ಎಂದು ಕರೆಯುತ್ತವೆ. ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಇದು ಲಾಭ ಅತಿ ಹೆಚ್ಚು ಬರುವ ಬೆಲೆಯಲ್ಲ, ಮಾರಾಟ ಅತಿ ಹೆಚ್ಚಾಗುವ ಬೆಲೆಯೆಂದೂ ಖಾತ್ರಿಯಿಲ್ಲ. ಎರಡು ಬಗೆಯ ತಿರಸ್ಕಾರ ತಕ್ಕಡಿಯಲ್ಲಿ ಸಮನಾಗಿ ನಿಂತ ಬೆಲೆ, ಅಷ್ಟೇ.

ಅಗ್ಗದ ಗೆರೆ ಮತ್ತು ದುಬಾರಿಯ ಗೆರೆ ಕೂಡುವುದು ಸುಮಾರು 169ರಲ್ಲಿ. ಒಳ್ಳೆ ರೇಟು ಎನ್ನುವವರು ಎಷ್ಟೋ, ಜಾಸ್ತಿಯಾಯಿತು ಎನ್ನುವವರೂ ಅಷ್ಟೇ. ವೆಸ್ಟೆಂಡೋರ್ಪ್ ಪ್ರಕಾರ ಈ ಬಿಂದು ಸಾಮಾನ್ಯವಾಗಿ ಜನ ಈಗಾಗಲೇ ಕೊಡುತ್ತಿರುವ ಮಧ್ಯದ ಬೆಲೆಯನ್ನೋ, ಮಾರುಕಟ್ಟೆಯಲ್ಲಿ ಮುಂದಿರುವ ಬ್ರ್ಯಾಂಡಿನ ಬೆಲೆಯನ್ನೋ ತೋರಿಸುತ್ತದೆ. ಅಂದರೆ ಜನ ನಿಮ್ಮ ಮಾಲ್ಟಿಗೆ ಬೆಲೆ ಕಟ್ಟುವಾಗ ನೋಡುತ್ತಿರುವುದು ಪಕ್ಕದ ಶೆಲ್ಫಿನ ಡಬ್ಬವನ್ನು.

ಇನ್ನು ಒಪ್ಪಬಹುದಾದ ಬೆಲೆಯ ಹರಹು, ಅಂದರೆ ಎಲ್ಲಿಂದ ಎಲ್ಲಿಯವರೆಗೆ. ಇದಕ್ಕೆ ಗೆರೆಗಳನ್ನು ಬೋರಲು ಹಾಕಬೇಕು. 120 ರೂಪಾಯಿಯನ್ನು ಅಗ್ಗ ಎಂದವರು 76 ಆದರೆ ಅಗ್ಗವಲ್ಲ ಎಂದವರು 24. ಈ 'ಅಗ್ಗವಲ್ಲ' ಗೆರೆಯನ್ನು ಅತಿ ಅಗ್ಗದ ಗೆರೆ ಎಲ್ಲಿ ಕತ್ತರಿಸುತ್ತದೋ ಅದು ಕೆಳಗಿನ ಗಡಿ. ನಮ್ಮಲ್ಲಿ 125 ರೂಪಾಯಿ. ಅದಕ್ಕಿಂತ ಇಳಿಸಿದರೆ 'ಇದು ಅಗ್ಗವೇನಲ್ಲ, ಬೆಲೆ ಇದೆ' ಎಂದುಕೊಳ್ಳುವವರಿಗಿಂತ ಗುಣಮಟ್ಟವನ್ನೇ ಅನುಮಾನಿಸುವವರು ಹೆಚ್ಚು. ಹಾಗೆಯೇ 'ದುಬಾರಿಯಲ್ಲ' ಗೆರೆಯನ್ನು ಅತಿ ದುಬಾರಿಯ ಗೆರೆ ಕತ್ತರಿಸುವುದು ಮೇಲಿನ ಗಡಿ, ಸುಮಾರು 202 ರೂಪಾಯಿ. ಹರಹು 125ರಿಂದ 202.

ಬೋರಲು ಹಾಕುವ ರಗಳೆ ಬೇಡವೆಂದು ಕೆಲವರು ಅತಿ ಅಗ್ಗವನ್ನು ನೇರವಾಗಿ ದುಬಾರಿಯ ಗೆರೆಗೆ, ಅತಿ ದುಬಾರಿಯನ್ನು ಅಗ್ಗದ ಗೆರೆಗೆ ಕೂಡಿಸುತ್ತಾರೆ. ಆಗ ಇದೇ ಅಂಕಿಗಳಿಂದ 140ರಿಂದ 193 ಬರುತ್ತದೆ. ಅದೇ ಜನ, ಅದೇ ಉತ್ತರ, ಹರಹು ಮಾತ್ರ ಕಿರಿದು. ಯಾರಾದರೂ ಸಮೀಕ್ಷಾ ವರದಿ ತಂದುಕೊಟ್ಟರೆ ಮೊದಲು ಕೇಳಬೇಕಾದದ್ದು ಯಾವ ಗೆರೆಯನ್ನು ಯಾವುದಕ್ಕೆ ಕೂಡಿಸಿದಿರಿ ಎಂದು. ಹೋದ ವರ್ಷದ ವರದಿಯಲ್ಲಿ ಒಂದು ಪದ್ಧತಿ, ಈ ವರ್ಷದ್ದರಲ್ಲಿ ಇನ್ನೊಂದು ಇದ್ದರೆ ಜನರ ಮನಸ್ಸು ಬದಲಾಯಿತೆಂದು ಸುಮ್ಮನೆ ಗಾಬರಿಯಾಗಬೇಕಾಗುತ್ತದೆ.

163, 169 ಎಂದು ಬಿಡಿ ರೂಪಾಯಿಯಲ್ಲಿ ಹೇಳಿದೆನಲ್ಲ, ಅದನ್ನೂ ಪೂರ್ತಿ ನಂಬಬೇಡಿ. 200 ಜನರನ್ನು ಕೇಳಿದಾಗ ಐವತ್ತರ ಆಸುಪಾಸಿನ ಶೇಕಡಾ ಅಂಕಿ ಆಚೀಚೆ ಏಳು ಅಂಶ ಅಲುಗಾಡುವುದು ಸಹಜ. ದುಬಾರಿಯ ಗೆರೆ 160ರಿಂದ 180ಕ್ಕೆ ಹೋಗುವಾಗ 16 ಅಂಶ ಏರುತ್ತದೆ. ಏಳು ಅಂಶವೆಂದರೆ ಅಲ್ಲಿ ಎಂಟೊಂಬತ್ತು ರೂಪಾಯಿ. ಜೊತೆಗೆ ನಮ್ಮ ಜನ 143, 167 ಎಂದು ಹೇಳುವುದಿಲ್ಲ. 100, 120, 150, 200 ಎನ್ನುತ್ತಾರೆ. ಹಾಗಾಗಿ ನಿಜವಾದ ಗೆರೆ ನಯವಾದ ಇಳಿಜಾರಾಗಿರದೆ ಬೆಟ್ಟದ ದೇವಸ್ಥಾನದ ಮೆಟ್ಟಿಲಿನಂತಿರುತ್ತದೆ. ಎರಡು ಗೆರೆ ಕೂಡುವ ಜಾಗ ಅಗಲವಾದ ಮೆಟ್ಟಿಲಿನ ಮೇಲೆ ಬಿದ್ದರೆ ನಾಲ್ಕು ಮಂದಿ ಉತ್ತರ ಬದಲಿಸಿದರೂ ಬಿಂದು ಹತ್ತು ರೂಪಾಯಿ ಜಿಗಿಯಬಹುದು.

ಇಲ್ಲಿಯವರೆಗೆ ಎಲ್ಲ ಸುಸೂತ್ರ. ಗೆರೆಗಳು ಚೆನ್ನಾಗಿ ಕೂಡಿವೆ, 163 ರೂಪಾಯಿ ಸಿಕ್ಕಿದೆ, ಅಂಗಡಿಯವರಿಗೆ ಚಿಲ್ಲರೆಯ ತೊಂದರೆಯಾಗದಂತೆ 165 ಎಂದು ಅಚ್ಚು ಹಾಕಿಸಬಹುದು. ಸಂಘದವರು ಇಲ್ಲಿಗೇ ನಿಲ್ಲಿಸಿದ್ದರೆ ಹಳ್ಳಕ್ಕೆ ಬೀಳುತ್ತಿದ್ದರು.

ಏಕೆಂದರೆ ರಾಗಿ ಮಾಲ್ಟಿಗೆ ಬೆಲೆ ಕಟ್ಟುವವರಲ್ಲಿ ಎರಡು ಬಗೆಯವರಿದ್ದಾರೆ. ಒಬ್ಬರು ಮನೆಯಲ್ಲೇ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಮಿಲ್ಲಿಗೆ ಕೊಟ್ಟು ಹಿಟ್ಟು ಮಾಡಿಸಿದವರು. ರಾಗಿ ಕೆಜಿಗೆಷ್ಟು, ಬೆಲ್ಲ ಎಷ್ಟು, ಬೀಸುವ ಕೂಲಿ ಎಷ್ಟು ಎಂದು ಅವರಿಗೆ ಬಾಯಿಪಾಠ. ಅವರ ಮಕ್ಕಳಲ್ಲಿ ಕೆಲವರು 2024ರಿಂದ ಸರ್ಕಾರಿ ಶಾಲೆಯಲ್ಲಿ ಹಾಲಿನ ಜೊತೆ ಇದೇ ರಾಗಿ ಮಾಲ್ಟನ್ನು ಪುಕ್ಕಟೆ ಕುಡಿಯುತ್ತಲೂ ಇರಬಹುದು. ಇನ್ನೊಬ್ಬರು ಮೊದಲಿನಿಂದಲೂ ಬ್ರ್ಯಾಂಡಿನ ಡಬ್ಬ ತರುತ್ತಿದ್ದವರು. ಅವರಿಗೆ ರಾಗಿಯ ದರ ಗೊತ್ತಿಲ್ಲ, ಡಬ್ಬದ ದರ ಗೊತ್ತು. ಇಬ್ಬರ ಕೈಯಲ್ಲೂ ಅಳತೆಗೋಲಿದೆ, ಆದರೆ ಎರಡರ ಉದ್ದವೂ ಬೇರೆ.

ನಮ್ಮ 200 ಮಂದಿಯಲ್ಲಿ 110 ಮಂದಿ ಮನೆಯಲ್ಲಿ ಹಿಟ್ಟು ಮಾಡಿಸುವವರು, 90 ಮಂದಿ ಡಬ್ಬದವರು ಎಂದಿಟ್ಟುಕೊಂಡು ಬೇರೆ ಬೇರೆ ಗೆರೆ ಎಳೆಯೋಣ. ಮನೆಹಿಟ್ಟಿನವರ ಹರಹು 103ರಿಂದ 179 ಆಯಿತು, ಎರಡು ತಿರಸ್ಕಾರ ಸಮವಾಗುವ ಬಿಂದು 132ರಲ್ಲಿ ಬಂತು. ಡಬ್ಬದವರ ಹರಹು 165ರಿಂದ 237, ಸಮಬಿಂದು 192ರ ಹತ್ತಿರ. ಇದೇ ಜನರನ್ನು ಒಟ್ಟಿಗೆ ಕೂಡಿಸಿದಾಗ ಬಂದದ್ದು ಮೇಲಿನ ಪಟ್ಟಿ, ಅದರಿಂದ ಬಂದದ್ದು 163. ಈಗ ಆ 163 ಯಾರ ಬೆಲೆ? ಡಬ್ಬದವರಿಗೆ ಅದು ಅನುಮಾನದ ಗಡಿಯಿಂದಲೂ ಕೆಳಗೆ. 160 ರೂಪಾಯಿಗೆ ಬಂದಾಗ ಅವರಲ್ಲಿ 90ಕ್ಕೆ 22 ಮಂದಿ 'ಇದರಲ್ಲೇನೋ ಇದೆ' ಎನ್ನುತ್ತಾರೆ. ಮನೆಹಿಟ್ಟಿನವರಲ್ಲಿ 110ಕ್ಕೆ 58 ಮಂದಿ ಅದೇ 160ನ್ನು ದುಬಾರಿ ಎನ್ನುತ್ತಾರೆ. ಒಬ್ಬರಿಗೆ ಶಂಕೆ, ಇನ್ನೊಬ್ಬರಿಗೆ ಹೊರೆ. ಬಿಸಿನೀರಿನ ಹಂಡೆಯಲ್ಲಿ ಒಂದು ಕಾಲು, ತಣ್ಣೀರಿನ ಹಂಡೆಯಲ್ಲಿ ಒಂದು ಕಾಲು ಇಟ್ಟವನಿಗೆ ಸರಾಸರಿಯಲ್ಲಿ ಹದವಾಗಿದೆ ಎಂದಂತೆ.

ಇಂಥ ಬೆರಕೆ ನಡೆದಿದೆಯೆಂದು ಮೊದಲೇ ಗೊತ್ತಾಗುವುದು ಹೇಗೆ? ಸಮಬಿಂದುವಿನ ಎತ್ತರ ನೋಡುವುದು ಒಂದು ದಾರಿ. ಅಲ್ಲಿ ತಲಾ ನೂರಕ್ಕೆ ಇಪ್ಪತ್ತೈದು, ಮೂವತ್ತು ಮಂದಿ ತಿರಸ್ಕರಿಸುತ್ತಿದ್ದರೆ ಜನರಲ್ಲಿ ಒಮ್ಮತವಿಲ್ಲ ಎಂದರ್ಥ. ಆದರೆ ನಮ್ಮ ಉದಾಹರಣೆಯಲ್ಲಿ ಅದು ಬರೀ ಹನ್ನೊಂದು, ನೋಡಲು ಆರೋಗ್ಯವಾಗಿಯೇ ಇತ್ತು. ಗೆರೆ ನೋಡಿ ಹಿಡಿಯಲು ಆಗುತ್ತಿರಲಿಲ್ಲ. ಬೆಲೆಯ ನಾಲ್ಕು ಪ್ರಶ್ನೆಗೆ ಮೊದಲು ಒಂದು ಐದನೆಯ ಪ್ರಶ್ನೆ ಕೇಳಿದ್ದರೆ ಮಾತ್ರ ಗೊತ್ತಾಗುತ್ತದೆ: "ಈಗ ಮಗುಗೆ ಹಾಲಿಗೆ ಏನು ಹಾಕಿ ಕೊಡ್ತೀರಿ, ಅದನ್ನ ಎಲ್ಲಿಂದ ತರ್ತೀರಿ?" ಈ ಪ್ರಶ್ನೆ ಬಿಟ್ಟುಹೋದ ಸಮೀಕ್ಷೆಯನ್ನು ಆಮೇಲೆ ಯಾವ ತಂತ್ರಾಂಶವೂ ಎರಡು ಹೋಳು ಮಾಡಿಕೊಡಲಾರದು.

ಗುಂಪು ಬೇರ್ಪಟ್ಟ ಮೇಲೆ ಸಂಘದ ಮುಂದಿರುವ ಪ್ರಶ್ನೆಯೇ ಬದಲಾಗುತ್ತದೆ. ಎಷ್ಟು ಬೆಲೆ ಎಂಬುದಕ್ಕಿಂತ ಮೊದಲು ಯಾರಿಗೆ ಮಾರುವುದು? ಇಲ್ಲಿ ಮೀಟರಿನ ಇನ್ನೊಂದು ಕುರುಡು ಎದುರಾಗುತ್ತದೆ. ಅದು ಕೊಳ್ಳುವವರ ಮನಸ್ಸನ್ನು ಮಾತ್ರ ಕೇಳುತ್ತದೆ, ನಿಮ್ಮ ಖರ್ಚಿನ ಪುಸ್ತಕ ನೋಡುವುದಿಲ್ಲ. ಪ್ಯಾಕೆಟ್ಟಿಗೆ ತಯಾರಿಕೆಯ ಖರ್ಚು 95 ರೂಪಾಯಿ, ಎಂಆರ್‌ಪಿಯ ಮೂರನೇ ಒಂದು ಭಾಗ ತೆರಿಗೆ, ಡಿಸ್ಟ್ರಿಬ್ಯೂಟರ್, ಅಂಗಡಿಯವರ ಕಮಿಷನ್‌ಗೆ ಹೋಗುತ್ತದೆ ಎಂದುಕೊಳ್ಳಿ. 132ಕ್ಕೆ ಮಾರಿದರೆ ಸಂಘಕ್ಕೆ ಬರುವುದು 88, ಅಂದರೆ ಪ್ರತಿ ಪ್ಯಾಕೆಟ್ಟಿಗೆ ಏಳು ರೂಪಾಯಿ ಕೈಯಿಂದ. ಮನೆಹಿಟ್ಟಿನವರಿಗೆ ಅತಿ ಕಡಿಮೆ ತಕರಾರಿರುವ ಬೆಲೆಯಲ್ಲಿ ಈ ಸಂಘ ವ್ಯಾಪಾರ ಮಾಡಲಾರದು. ಪೊಟ್ಟಣ ಚಿಕ್ಕದು ಮಾಡಬಹುದು, ಬಾದಾಮಿ ತೆಗೆಯಬಹುದು. ಆದರೆ ಅದು ಬೇರೆ ಸರಕಾಗುತ್ತದೆ, ಹೊಸದಾಗಿ ಕೇಳಬೇಕಾಗುತ್ತದೆ.

ಉಳಿದದ್ದು ಡಬ್ಬದವರು. ಅವರಲ್ಲೂ 165, 180, 195 ಈ ಮೂರರಲ್ಲಿ ಯಾವುದು? ನಾಲ್ಕು ಪ್ರಶ್ನೆಗಳಿಗೆ ಇದನ್ನು ಹೇಳುವ ಶಕ್ತಿಯಿಲ್ಲ. ದುಬಾರಿಯಲ್ಲ ಎಂದವರೆಲ್ಲ ಕೊಳ್ಳುತ್ತಾರೆ ಎಂದೇನಿಲ್ಲವಲ್ಲ. ಈ ಕೊರತೆ ತುಂಬಲು ನ್ಯೂಟನ್, ಮಿಲ್ಲರ್, ಸ್ಮಿತ್ ಎಂಬ ಮೂವರು 1993ರಲ್ಲಿ ಒಂದು ಬಾಲ ಜೋಡಿಸಿದರು. ಒಬ್ಬ ತಾಯಿ ಅತಿ ಅಗ್ಗ 100, ಅಗ್ಗ 140, ದುಬಾರಿ 180, ಅತಿ ದುಬಾರಿ 220 ಎಂದರೆ, ಅವರನ್ನೇ ಮತ್ತೆರಡು ಮಾತು ಕೇಳುವುದು: 140ಕ್ಕೆ ಸಿಕ್ಕರೆ ಖಂಡಿತ ಕೊಳ್ಳುತ್ತೀರಾ, ಬಹುಶಃ ಕೊಳ್ಳುತ್ತೀರಾ, ನೋಡೋಣ ಎನ್ನುತ್ತೀರಾ? 180ಕ್ಕೆ ಸಿಕ್ಕರೆ? ಬಾಯಲ್ಲಿ ಖಂಡಿತ ಎಂದವರೆಲ್ಲ ಅಂಗಡಿಯಲ್ಲಿ ಕೈಚೀಲ ತೆರೆಯುವುದಿಲ್ಲವಾದ್ದರಿಂದ ಆ ಮಾತನ್ನು ತಗ್ಗಿಸಿಯೇ ಲೆಕ್ಕ ಹಿಡಿಯಬೇಕು. ಇವರದ್ದನ್ನು 140ಕ್ಕೆ ಹತ್ತರಲ್ಲಿ ಐದು, 180ಕ್ಕೆ ಹತ್ತರಲ್ಲಿ ಮೂರು ಎಂದು ಹಿಡಿದೆವು ಎನ್ನಿ. ಎರಡು ಕೊನೆಗಳಲ್ಲಿ, ಅಂದರೆ 100ರಲ್ಲೂ 220ರಲ್ಲೂ, ಸೊನ್ನೆ. ನಡುವಿನ ಬೆಲೆಗಳಿಗೆ ನೇರ ಗೆರೆ ಎಳೆದರೆ 160ಕ್ಕೆ ನಾಲ್ಕು, 200ಕ್ಕೆ ಒಂದೂವರೆ. ಹೀಗೆ ಒಬ್ಬೊಬ್ಬರದ್ದೂ ಎಳೆದು ಎಲ್ಲವನ್ನೂ ಕೂಡಿಸಿದರೆ ಯಾವ ಬೆಲೆಗೆ ನೂರಕ್ಕೆ ಎಷ್ಟು ಮಂದಿ ಕೊಂಡು ನೋಡಬಹುದು ಎಂಬ ಅಂದಾಜು ಸಿಗುತ್ತದೆ.

ಡಬ್ಬದವರಲ್ಲಿ ಹಾಗೆ 165ಕ್ಕೆ 36 ಮಂದಿ, 180ಕ್ಕೆ 31, 195ಕ್ಕೆ 24 ಮಂದಿ ಬಂದರು ಎಂದುಕೊಳ್ಳೋಣ. ಜನ ಅತಿ ಹೆಚ್ಚು ಬರುವುದು 165ಕ್ಕೆ, ಒಟ್ಟು ವಹಿವಾಟು ಅತಿ ಹೆಚ್ಚಾಗುವುದೂ 165ಕ್ಕೇ, 5,940 ರೂಪಾಯಿ. ಆದರೆ ಖರ್ಚು ಕಳೆದು ನೋಡಿದರೆ 165ಕ್ಕೆ ಪ್ಯಾಕೆಟ್ಟಿಗೆ 15 ರೂಪಾಯಿ ಉಳಿಯುತ್ತದೆ, 36 ಮಂದಿಗೆ 540. 180ಕ್ಕೆ ಪ್ಯಾಕೆಟ್ಟಿಗೆ 25, ಒಟ್ಟು 775. 195ಕ್ಕೆ ಪ್ಯಾಕೆಟ್ಟಿಗೆ 35, ಒಟ್ಟು 840. ಮೂರರಲ್ಲೊಬ್ಬ ಗಿರಾಕಿ ಕಳಚಿಕೊಂಡರೂ ಸಂಘದ ಪೆಟ್ಟಿಗೆಗೆ 195 ವಾಸಿ. ಅದು ಅವರ ಹರಹಿನ ನಡುಭಾಗದಲ್ಲೇ ಇದೆ, ಅವರ ಸಮಬಿಂದು 192ಕ್ಕೂ ಹತ್ತಿರ. ಎಲ್ಲರನ್ನೂ ಕಲಸಿದ ಮೊದಲ ಪಟ್ಟಿಯಲ್ಲಾದರೆ ಇದೇ 195 ಮೇಲಿನ ಗಡಿಗೆ ತಾಗಿಕೊಂಡು ಅಪಾಯದ ಬೆಲೆಯಂತೆ ಕಾಣುತ್ತಿತ್ತು.

ಇಷ್ಟಾದರೂ ಈ 24 ಮಂದಿ ಒಮ್ಮೆ ಕೊಂಡು ನೋಡುವವರು. ಪ್ಯಾಕೆಟ್ಟು ಖಾಲಿಯಾದ ಮೇಲೆ ಮತ್ತೆ ಬರುತ್ತಾರೋ ಇಲ್ಲವೋ ಎನ್ನುವುದು ಮಗು ಲೋಟ ಖಾಲಿ ಮಾಡಿತೋ, ಸಿಂಕಿಗೆ ಚೆಲ್ಲಿತೋ ಎಂಬುದರ ಮೇಲಿದೆ. ಅಂಗಡಿ ಬಾಗಿಲಲ್ಲಿ ಪ್ಯಾಕೆಟ್ ಮಾತ್ರ ತೋರಿಸಿ ಕೇಳಿದ ಬೆಲೆಗೂ, ಒಂದು ವಾರ ಮನೆಯಲ್ಲಿ ಕುಡಿಸಿ ನೋಡಿದ ಮೇಲೆ ಕೇಳಿದ ಬೆಲೆಗೂ ವ್ಯತ್ಯಾಸ ಬರುತ್ತದೆ. ಕೈಲಾದವರು ಎರಡನ್ನೂ ಕೇಳುತ್ತಾರೆ. ಎರಡನೆಯ ಸಲ ಅತಿ ಅಗ್ಗದ ಗೆರೆ ಕೆಳಕ್ಕೆ ಸರಿದರೆ ಅದೊಂದು ಒಳ್ಳೆಯ ಸೂಚನೆ. ರುಚಿ ನೋಡಿದವರಿಗೆ ಗುಣಮಟ್ಟ ತಿಳಿಯಲು ಬೆಲೆಯ ಸಾಕ್ಷಿ ಬೇಕಿಲ್ಲ.

ಸಂಘದವರಿಗೆ ಇನ್ನೂ ಧೈರ್ಯ ಸಾಲದಿದ್ದರೆ ಅಂಗಡಿಯಲ್ಲೇ ಮಾರಿ ನೋಡಬಹುದು. ತುಮಕೂರಲ್ಲಿ 165, ಹಾಸನದಲ್ಲಿ 195 ಎಂದು ಎರಡು ಎಂಆರ್‌ಪಿ ಅಚ್ಚು ಹಾಕಿಸೋಣ ಎಂದರೆ, ಒಂದೇ ಬಗೆಯ ಪೊಟ್ಟಣಕ್ಕೆ ಬೇರೆ ಬೇರೆ ಎಂಆರ್‌ಪಿ ಹಾಕುವುದಕ್ಕೆ ಪೊಟ್ಟಣ ಸರಕುಗಳ ನಿಯಮದ ತೊಡಕಿದೆ. ಎರಡೂ ಕಡೆ 195 ಎಂದು ಮುದ್ರಿಸಿ ಒಂದು ಊರಿನ ಅಂಗಡಿಗಳಲ್ಲಿ 165ಕ್ಕೆ ಬಿಡುವುದಕ್ಕೆ ಅಡ್ಡಿಯಿಲ್ಲ, ಎಂಆರ್‌ಪಿಗಿಂತ ಕಡಿಮೆಗೆ ಮಾರಬಹುದು. ಆದರೆ 195 ಹೊಡೆದುಹಾಕಿ 165 ಎಂದು ಬರೆದದ್ದನ್ನು ಕಂಡ ಅಕ್ಕ ಅದನ್ನು 165ರ ಸರಕೆಂದು ನೋಡುವುದಿಲ್ಲ. ಒಬ್ಬಳು ಮೂವತ್ತು ರೂಪಾಯಿ ಉಳಿಯಿತು ಎಂದು ಎರಡು ಪ್ಯಾಕೆಟ್ ಎತ್ತಿಕೊಳ್ಳುತ್ತಾಳೆ. ಇನ್ನೊಬ್ಬಳು ಅದನ್ನು ತಿರುಗಿಸಿ, ತಯಾರಾದ ತಾರೀಖು ಯಾವುದಿದೆ ಎಂದು ಹುಡುಕುತ್ತಾಳೆ.